ಹಿಡಿ ಒತ್ತಿದರೂ ಗಾಳಿ ತುಂಬದ ಸ್ಪ್ರೇಯರ್

ದಾಸವಾಳದ ಕುಡಿಗೆ ಹಿಟ್ಟು ತಿಗಣೆ ಹತ್ತಿದೆ, ಬೇವಿನೆಣ್ಣೆ ಕಲಸಿ ಇಟ್ಟಾಗಿದೆ, ಆದರೆ ಪಂಪು ಎಷ್ಟು ಒತ್ತಿದರೂ ಗಾಳಿ ಹಿಡಿಯುತ್ತಿಲ್ಲ. ತಾರಸಿ ತೋಟ ಮಾಡಿರುವ ಮನೆಗಳಲ್ಲಿ ಈ ದೂರು ಮಾಮೂಲು. ಹಿಂದಿನ ಸಲ ಹೊಡೆದ ಎಣ್ಣೆ, ಸೋಪಿನ ನೀರು ಒಳಗೇ ಒಣಗಿ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತ ಪಂಪು ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಬಹಳ ಮಂದಿ ಅದನ್ನು ಗುಜರಿಗೆ ಹಾಕಿ ಹೊಸದು ತರುತ್ತಾರೆ. ಹೆಚ್ಚಿನ ಸಲ ಕೆಟ್ಟಿರುವುದು ಒಂದು ಸಣ್ಣ ರಬ್ಬರ್ ಉಂಗುರ ಮಾತ್ರ. ಎಲ್ಲಿ ಕೆಟ್ಟಿದೆ ಎಂಬುದನ್ನು ಪಂಪಿನ ಹಿಡಿಯೇ ಕೈಗೆ ತಿಳಿಸುತ್ತದೆ.

ಎರಡು ಲೀಟರಿನ ಕೈಪಂಪನ್ನೇ ನೋಡೋಣ. ಡಬ್ಬಿಯೊಳಗೆ ಇಳಿಬಿಟ್ಟ ಪ್ಲಾಸ್ಟಿಕ್ ಸಿಲಿಂಡರಿನಲ್ಲಿ ಒಂದು ದಂಡ ಮೇಲೆ ಕೆಳಗೆ ಓಡಾಡುತ್ತದೆ. ದಂಡದ ತುದಿಯಲ್ಲಿ ಪಿಸ್ಟನ್, ಅದರ ಸುತ್ತ ಓ-ರಿಂಗ್ ಅಥವಾ ಬಟ್ಟಲಿನಾಕಾರದ ವಾಷರ್. ಹಿಡಿ ಎಳೆದಾಗ ವಾಷರ್ ಸಡಿಲಗೊಂಡು ಹೊರಗಿನ ಗಾಳಿಯನ್ನು ಪಿಸ್ಟನ್ನಿನ ಕೆಳಕ್ಕೆ ಬಿಟ್ಟುಕೊಳ್ಳುತ್ತದೆ. ಒತ್ತಿದಾಗ ಸಿಲಿಂಡರಿನ ಗೋಡೆಗೆ ಅಂಟಿ ನಿಂತು ಆ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಸಿಲಿಂಡರಿನ ತಳದಲ್ಲಿರುವ ಪುಟ್ಟ ರಬ್ಬರ್ ವಾಲ್ವ್ ಗಾಳಿಯನ್ನು ಡಬ್ಬಿಗೆ ಬಿಡುತ್ತದೆ, ವಾಪಸು ಬರಲು ಬಿಡುವುದಿಲ್ಲ. ಸೈಕಲ್ ಪಂಪಿನ ಕೆಲಸವೂ ಇದೇ ರೀತಿ. ಹೀಗೆ ತುಂಬಿದ ಗಾಳಿ ನೀರನ್ನು ಅದುಮಿ, ತಳದವರೆಗೆ ಇಳಿದಿರುವ ಕೊಳವೆಯ ಮೂಲಕ ನಾಜಲ್‌ಗೆ ಹತ್ತಿಸುತ್ತದೆ.

ಇಷ್ಟು ಗೊತ್ತಿದ್ದರೆ ಕೈಯ ಭಾಷೆ ಅರ್ಥವಾಗುತ್ತದೆ. ಎಳೆಯುವಾಗಲೂ ಒತ್ತುವಾಗಲೂ ಹಿಡಿ ಒಂದೇ ಸಮ ಹಗುರವಾಗಿದ್ದರೆ ಪಿಸ್ಟನ್ನಿನ ವಾಷರ್ ಸವೆದಿದೆ. ಒತ್ತಿ ಕೈಬಿಟ್ಟ ಕೂಡಲೇ ಹಿಡಿ ತಾನೇ ಮೇಲೇಳುತ್ತಿದ್ದರೆ ತಳದ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ಒತ್ತಡ ಬಂದು ಕೆಲವೇ ನಿಮಿಷದಲ್ಲಿ ಇಳಿದುಹೋದರೆ ಮುಚ್ಚಳದ ಸುತ್ತಲಿನ ದೊಡ್ಡ ವಾಷರ್ ಸೋರುತ್ತಿರಬಹುದು; ಸೋಪಿನ ನೀರು ಸವರಿದರೆ ಗುಳ್ಳೆ ಏಳುತ್ತದೆ. ಹಿಡಿ ಗಟ್ಟಿಯಾಗಿದ್ದೂ ನೀರು ಬರದಿದ್ದರೆ ಪಂಪಿನದೇನೂ ತಪ್ಪಿಲ್ಲ, ಕೊಳವೆಯೋ ನಾಜಲ್ಲೋ ಕಟ್ಟಿದೆ.

ನಮ್ಮ ಮೇಲಿನ ಮನೆಯ ಅಜ್ಜಿ ಮೊನ್ನೆ ಕರೆದು, "ಇದು ಗಾಳೀನೇ ಹಿಡೀತಿಲ್ಲ ಕಣಪ್ಪ, ಒಂಚೂರು ನೋಡು" ಎಂದು ಪಂಪು ಕೈಗಿತ್ತರು. ಹಿಡಿ ಎರಡೂ ಕಡೆಗೆ ಹಗುರ. ಬಿಚ್ಚುವ ಮೊದಲು ಒತ್ತಡ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು, ಇಲ್ಲದಿದ್ದರೆ ಪಂಪು ಮುಖಕ್ಕೇ ಸಿಡಿಯಬಹುದು. ಗಾಳಿ ಬಿಡುವ ಗುಬುಟು ಇದ್ದರೆ ಎಳೆಯಬೇಕು. ಇಲ್ಲವೆಂದರೆ ಡಬ್ಬಿಯನ್ನು ತಲೆಕೆಳಗು ಹಿಡಿದು ಟ್ರಿಗರ್ ಒತ್ತಬೇಕು. ಆಗ ಕೊಳವೆಯ ತುದಿ ನೀರಿನಿಂದ ಮೇಲೆದ್ದು ಬರೀ ಗಾಳಿ ಹೊರಬೀಳುತ್ತದೆ. ಆಮೇಲೆ ಪಂಪನ್ನು ತಿರುಗಿಸಿ ಹೊರಗೆಳೆದು, ಸಿಲಿಂಡರಿನ ತಳವನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿ ಒತ್ತಿ ನೋಡಿದೆ. ವಾಷರ್ ಚೆನ್ನಾಗಿದ್ದರೆ ಗಾಳಿ ಬೆರಳನ್ನು ಬಲವಾಗಿ ದೂಡುತ್ತದೆ. ಇಲ್ಲಿ ಏನೂ ಇಲ್ಲ. ತಳದ ವಾಲ್ವಿಗೂ ಒಂದು ಪರೀಕ್ಷೆ ಇದೆ: ಸಿಲಿಂಡರಿನ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ ಹಿಡಿ ಎಳೆದರೆ ನೀರು ಒಳಗೆ ಬರಬಾರದು. ಬರಲಿಲ್ಲ, ವಾಲ್ವ್ ಸರಿಯಿತ್ತು.

ಸಿಲಿಂಡರಿನ ಮೇಲಿನ ಬಿಲ್ಲೆ ತಿರುಗಿಸಿ ದಂಡ ಹೊರಗೆ ತೆಗೆದಾಗ ಓ-ರಿಂಗಿನ ಒಂದು ಮಗ್ಗುಲು ಚಪ್ಪಟೆಯಾಗಿ ಹೊಳೆಯುತ್ತಿತ್ತು. ಉಗುರಿನಿಂದ ಬಗ್ಗಿಸಿದರೆ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಸಿಲಿಂಡರಿನ ಒಳಗೋಡೆಗೆ ಕಂದು ಜಿಡ್ಡು ಹತ್ತಿತ್ತು. ಜಿಡ್ಡನ್ನು ಉಗುರುಬೆಚ್ಚನೆಯ ಸೋಪಿನ ನೀರು, ಮೆತ್ತನೆ ಬಟ್ಟೆಯಿಂದ ತೆಗೆದದ್ದಾಯಿತು. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಹಳೆಯ ಉಂಗುರ ತೋರಿಸಿದಾಗ ಅಂಗಡಿಯವರು ಕೊಟ್ಟದ್ದು ತುಸು ದಪ್ಪ. ಅದನ್ನು ಹಾಕಿದರೆ ಹಿಡಿ ಬಿಗಿಯಾಯಿತು, ಆದರೂ ಗಾಳಿ ತುಂಬಲಿಲ್ಲ. ಇದು ಗಮನಿಸಬೇಕಾದ ಸಂಗತಿ. ಇಂಥ ಪಂಪುಗಳಲ್ಲಿ ಓ-ರಿಂಗ್ ಕೂರುವ ತೋಡು ಉಂಗುರಕ್ಕಿಂತ ಅಗಲವಾಗಿಯೇ ಇರುತ್ತದೆ. ಎಳೆದಾಗ ಉಂಗುರ ತೋಡಿನ ಒಂದು ಬದಿಗೆ ಸರಿದು ಗಾಳಿಗೆ ದಾರಿ ಬಿಡುತ್ತದೆ, ಒತ್ತಿದಾಗ ಇನ್ನೊಂದು ಬದಿಗೆ ಸರಿದು ದಾರಿ ಮುಚ್ಚುತ್ತದೆ. ಸಡಿಲವಿದೆಯೆಂದು ಅದರಡಿ ದಾರ ಸುತ್ತಿದರೆ, ದಪ್ಪ ಉಂಗುರ ತುರುಕಿದರೆ, ಎಳೆದಾಗ ಗಾಳಿ ಒಳಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಸವೆದ ಉಂಗುರದ ಅಳತೆ ಮೋಸ ಮಾಡುವುದರಿಂದ ಪಿಸ್ಟನ್ನನ್ನೂ ಸಿಲಿಂಡರನ್ನೂ ಅಂಗಡಿಗೇ ಒಯ್ದು ಹೊಂದಿಸಿ ನೋಡುವುದು ಒಳ್ಳೆಯದು. ಬಟ್ಟಲು ವಾಷರ್ ಇರುವ ಪಂಪಾದರೆ ಬಟ್ಟಲಿನ ಬಾಯಿ ಕೆಳಮುಖವಾಗಿರಬೇಕು. ತಿರುಗುಮುರುಗಾದರೆ ಹೊಸ ವಾಷರ್ ಕೂಡ ಗಾಳಿ ತುಂಬುವುದಿಲ್ಲ. ಎಣ್ಣೆ ಹೊಡೆಯುವವರು ನೈಟ್ರೈಲ್ ರಬ್ಬರಿನದನ್ನು ಕೇಳಿ ತರಬೇಕು, ಮಾಮೂಲಿ ರಬ್ಬರ್ ಎಣ್ಣೆಗೆ ಊದಿಕೊಳ್ಳುತ್ತದೆ. ಸವರಲು ಸಿಲಿಕೋನ್ ಗ್ರೀಸ್ ಸರಿಯಾದದ್ದು. ಕೊಬ್ಬರಿ ಎಣ್ಣೆ ಆ ದಿನಕ್ಕೆ ಕೆಲಸ ಮಾಡಿದರೂ ಚಳಿಗೆ ಹೆಪ್ಪುಗಟ್ಟುತ್ತದೆ, ಆಮೇಲೆ ಅಂಟಾಗುತ್ತದೆ.

ಸರಿಯಾದ ಉಂಗುರ ಬಿದ್ದ ಮೇಲೆ ಹಿಡಿ ಗಟ್ಟಿಯಾಯಿತು. ಆದರೆ ನಾಜಲ್‌ನಿಂದ ಮಂಜಿನ ಬದಲು ಹನಿ ತೊಟ್ಟಿಕ್ಕಿತು. ಇಂಥಲ್ಲಿ ನಾಜಲ್ ಕಳಚಿಟ್ಟು ಟ್ರಿಗರ್ ಒತ್ತಿ ನೋಡಬೇಕು. ನೀರು ಧಾರೆಯಾಗಿ ಬಂದರೆ ಕಸ ನಾಜಲ್‌ನಲ್ಲಿದೆ, ಬರದಿದ್ದರೆ ಕೊಳವೆಯಲ್ಲಿ ಅಥವಾ ಅದರ ತುದಿಯ ಜಾಲರಿಯಲ್ಲಿದೆ. ಅಜ್ಜಿಯ ಪಂಪಿನಲ್ಲಿ ಎರಡೂ ಕಡೆ ಇತ್ತು. ಜಾಲರಿಗೆ ಮೆತ್ತಿದ್ದು ಸರಿಯಾಗಿ ಸೋಸದ ಜೀವಾಮೃತದ ಸಗಣಿ ನಾರು. ನಾಜಲ್‌ನಲ್ಲಿದ್ದದ್ದು ಬಿಳಿ ಚಕ್ಕೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಹಾಕಿದಾಗ ನೊರೆ ಬರದೆ ತೇಲುತ್ತದಲ್ಲ, ಅದೇ ಗಷ್ಟು ಒಣಗಿದ್ದು.

ಪಿನ್ನು, ತಂತಿ ಚುಚ್ಚಿ ನಾಜಲ್ ಬಿಡಿಸುವ ಅಭ್ಯಾಸ ಬಿಡಬೇಕು. ತೂತು ಒಮ್ಮೆ ದೊಡ್ಡದಾದರೆ ಮತ್ತೆ ಮಂಜು ಬರುವುದಿಲ್ಲ, ಔಷಧಿ ಎಲೆಗೆ ಅಂಟದೆ ಹರಿದುಹೋಗುತ್ತದೆ. ಔಷಧಿ ಕಂಡ ನಾಜಲ್‌ಗೆ ಬಾಯಿಟ್ಟು ಊದುವುದಂತೂ ಕೂಡದು. ಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಜಿಡ್ಡು ಹೋಗುತ್ತದೆ, ಸುಣ್ಣದ ಚಕ್ಕೆಗೆ ವಿನೆಗರ್ ಬೇಕು. ಮತ್ತೆ ಜೀವಾಮೃತ ಹಾಕುವಾಗ ಪಂಚೆಯಂಥ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು.

ಕೆಲವು ಸಲ ಪಂಪು ಸರಿಯಿದ್ದೂ ಕೆಟ್ಟಂತೆ ಕಾಣುತ್ತದೆ. ಕಂಠಮಟ್ಟ ನೀರು ತುಂಬಿದರೆ ಗಾಳಿಗೆ ಜಾಗವೇ ಇರುವುದಿಲ್ಲ. ಸ್ವಲ್ಪ ನೀರು ಹೋದೊಡನೆ ಒತ್ತಡ ಬಿದ್ದುಹೋಗುತ್ತದೆ. ಒಂದೂವರೆ ಲೀಟರ್ ನೀರು, ಅರ್ಧ ಲೀಟರ್ ಗಾಳಿ ಇದ್ದರೂ, ಅರ್ಧ ಲೀಟರ್ ಹೊಡೆಯುವಷ್ಟರಲ್ಲಿ ಗಾಳಿಯ ಜಾಗ ಎರಡರಷ್ಟಾಗಿ ಒತ್ತಡ ಬಹುಪಾಲು ಇಳಿದಿರುತ್ತದೆ. ನಡುನಡುವೆ ಮತ್ತೆ ಪಂಪು ಹೊಡೆಯಬೇಕಾದದ್ದು ಸಹಜ.

ಇಸ್ತ್ರಿಗೆ ನೀರು ಚಿಮುಕಿಸುವ ಟ್ರಿಗರ್ ಬಾಟಲಿಯ ಕತೆ ಬೇರೆ. ಅದರಲ್ಲಿ ಒತ್ತಡ ಕೂಡಿಡುವುದಿಲ್ಲ, ಪ್ರತಿ ಒತ್ತಿಗೂ ನೀರು ಹೀರಿ ತಳ್ಳುತ್ತದೆ. ಟ್ರಿಗರ್ ಬರೀ ಗಾಳಿ ಒತ್ತುತ್ತಿದ್ದರೆ ಕೊಳವೆ ಬುಡದಲ್ಲಿ ಕಳಚಿದೆ ಇಲ್ಲವೇ ಸೀಳಿದೆ. ಒತ್ತಿದ ಟ್ರಿಗರ್ ಹಿಂದಕ್ಕೆ ಬರಲು ತಡಮಾಡಿದರೆ ಕೊಳವೆ ಕಟ್ಟಿದೆ.

ಸಿಲಿಂಡರಿನ ಒಳಗೆ ಉದ್ದುದ್ದ ಗೀರು ಬಿದ್ದಿದ್ದರೆ ಯಾವ ವಾಷರೂ ನಿಲ್ಲುವುದಿಲ್ಲ, ಪಂಪಿನ ಭಾಗವನ್ನೇ ಬದಲಿಸಬೇಕು. ಡಬ್ಬಿಯೇ ಬಿರುಕು ಬಿಟ್ಟಿದ್ದರೆ ಗೋಂದು ಹಚ್ಚಿ ಮತ್ತೆ ಗಾಳಿ ತುಂಬಬಾರದು, ಒತ್ತಡಕ್ಕೆ ಅದು ಒಡೆದು ಔಷಧಿ ಮೈಮೇಲೆ ಬೀಳುತ್ತದೆ.