ಪ್ಯಾನ್ ಸಂಖ್ಯೆ ಕೇಳುವ ಆ ಅರ್ಧ ನಿಮಿಷ

ಆನ್‌ಲೈನ್ ಅಂಗಡಿಯಲ್ಲಿ 18,000 ರೂಪಾಯಿಯ ಫೋನ್ ಆರಿಸಿ ಹಣ ಕಟ್ಟುವ ಪುಟಕ್ಕೆ ಬಂದರೆ, ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಎಂಬ ಆಯ್ಕೆ ಎದುರಾಗುತ್ತದೆ. ತಿಂಗಳಿಗೆ 3,000ದಂತೆ ಆರು ಕಂತು, ಬಡ್ಡಿ ಇಲ್ಲ. ಪ್ಯಾನ್ ಸಂಖ್ಯೆ ಬರೆದು ಮೊಬೈಲಿಗೆ ಬಂದ ಓಟಿಪಿ ಒತ್ತಿದರೆ ಅರ್ಧ ನಿಮಿಷದಲ್ಲಿ ಒಪ್ಪಿಗೆ.

ಇದು ಅಂಗಡಿಯವರು ಕೊಡುವ ಉದ್ದರಿಯಲ್ಲ, ಸಾಲ. ಆಪ್‌ನ ಹಿಂದೆ ಬ್ಯಾಂಕೋ ಹಣಕಾಸು ಕಂಪನಿಯೋ ಇರುತ್ತದೆ. ಅದು ಹಣವನ್ನು ಅಂಗಡಿಗೆ ಕೊಟ್ಟು, ಗ್ರಾಹಕರ ಖಾತೆಯಿಂದ ಪ್ರತಿ ತಿಂಗಳೂ ಕಂತು ತಾನಾಗಿ ಕಡಿತವಾಗಲು ಅನುಮತಿ ಪಡೆಯುತ್ತದೆ.

ಹಾಗಾದರೆ ಬಡ್ಡಿ ಎಲ್ಲಿ ಹೋಯಿತು? ವರ್ಷಕ್ಕೆ ಶೇ. 15ರ ದರ ಎಂದಿಟ್ಟುಕೊಂಡರೆ, 3,000ದ ಆರು ಕಂತುಗಳಿಗೆ ಸಿಗುವ ಸಾಲ ಸುಮಾರು 17,238 ರೂಪಾಯಿ. ಉಳಿದ 762 ರೂಪಾಯಿ ಬಡ್ಡಿ. ಅಷ್ಟನ್ನು ಮಾರಾಟಗಾರರೋ ತಯಾರಕರೋ ರಿಯಾಯಿತಿಯಾಗಿ ಬಿಟ್ಟುಕೊಡುತ್ತಾರೆ. ಇದರ ಮೇಲೆ 199 ರೂಪಾಯಿ ಸಂಸ್ಕರಣಾ ಶುಲ್ಕವಿದ್ದರೆ ಜಿಎಸ್‌ಟಿ ಸೇರಿ ಸುಮಾರು 235 ರೂಪಾಯಿ ಗ್ರಾಹಕರ ಜೇಬಿನಿಂದಲೇ ಹೋಗುತ್ತದೆ.

ಆ ಅರ್ಧ ನಿಮಿಷದಲ್ಲಿ ನಡೆಯುವ ಪರಿಶೀಲನೆಯಲ್ಲಿ ಮೊದಲನೆಯದು ಗುರುತು: ಪ್ಯಾನ್‌ನಲ್ಲಿರುವ ಹೆಸರು, ಜನ್ಮದಿನ, ಮೊಬೈಲ್ ಸಂಖ್ಯೆ ಒಬ್ಬರದೇ ಹೌದೇ? ಆಮೇಲೆ ಸಿಬಿಲ್, ಎಕ್ಸ್‌ಪೀರಿಯನ್‌ನಂಥ ಸಂಸ್ಥೆಗಳಿಂದ ಸಾಲದ ಚರಿತ್ರೆ ಬರುತ್ತದೆ. 300ರಿಂದ 900ರವರೆಗಿನ ಅಂಕದ ಜೊತೆಗೆ, ಈಗ ಎಷ್ಟು ಸಾಲ ನಡೆಯುತ್ತಿದೆ, ಯಾವ ಕಂತು ಎಷ್ಟು ದಿನ ತಡವಾಯಿತು, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದಾರೆ ಎಂಬುದೂ ಕಾಣುತ್ತದೆ. ಅದೇ ಅಂಗಡಿಯಲ್ಲಿ ಹಳೆಯ ಖರೀದಿಗಳಿದ್ದರೆ ಅವೂ ಲೆಕ್ಕಕ್ಕೆ ಬರಬಹುದು. ಫೋನಿನ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋಗಳನ್ನು ಮಾತ್ರ ಸಾಲದ ಆಪ್ ಮುಟ್ಟುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಮುಟ್ಟಲು ಬಂದರೆ ಆ ಆಪ್ ಅನ್ನು ದೂರವಿಡಬೇಕು.

ಕಾಣದೆ ಉಳಿಯುವುದು ಮನೆಯ ಲೆಕ್ಕ. ಮಕ್ಕಳ ಶಾಲಾ ಶುಲ್ಕ, ಮನೆ ಬಾಡಿಗೆ, ಭಾವಮೈದುನನಿಂದ ಪಡೆದ ಕೈಸಾಲ ಯಾವ ವರದಿಯಲ್ಲೂ ಇರುವುದಿಲ್ಲ. ಆದಾಯವನ್ನೂ ಎಷ್ಟೋ ಸಲ ಅರ್ಜಿದಾರರು ಬರೆದಷ್ಟೇ ನಂಬಲಾಗುತ್ತದೆ. ಒಪ್ಪಿಗೆ ಸಿಕ್ಕಿತು ಎಂದರೆ ‘ಹಿಂದೆ ಸರಿಯಾಗಿ ಕಟ್ಟಿದ್ದೀರಿ’ ಎಂದಷ್ಟೇ ಅರ್ಥ, ‘ಇನ್ನೂ 3,000 ನಿಮಗೆ ಭಾರವಾಗದು’ ಎಂದಲ್ಲ.

ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಆಪ್ ವಿಧಿಸುವ ದಂಡವೇ ಬೇರೆ, ಬ್ಯಾಂಕ್ ವಿಧಿಸುವ ಶುಲ್ಕವೇ ಬೇರೆ. ತಡವಾದ ದಿನಗಳು ವರದಿಗೂ ಸೇರುತ್ತವೆ. ಅಲ್ಲಿ ಆಪ್‌ನ ಬದಲು ಸಾಲ ಕೊಟ್ಟ ಕಂಪನಿಯ ಹೆಸರಿರುವುದರಿಂದ ಹಲವರಿಗೆ ಅದು ತಮ್ಮದೇ ಸಾಲವೆಂದು ಹೊಳೆಯುವುದಿಲ್ಲ.

ಓಟಿಪಿ ಒತ್ತುವ ಮುನ್ನ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ತೆರೆದು ಸಾಲದಾತರ ಹೆಸರು, ಒಟ್ಟು ವಾರ್ಷಿಕ ವೆಚ್ಚ, ತಡವಾದರೆ ಬೀಳುವ ಶುಲ್ಕ ನೋಡಿ. ಸಾಲ ಬೇಡವೆನಿಸಿದರೆ ದಂಡವಿಲ್ಲದೆ ಹಿಂತಿರುಗಿಸಲು ಕನಿಷ್ಠ ಒಂದು ದಿನದ ಅವಕಾಶವಿದೆ. ಅಸಲು, ಆವರೆಗಿನ ಬಡ್ಡಿ ಕಟ್ಟಿದರಾಯಿತು, ಸಂಸ್ಕರಣಾ ಶುಲ್ಕವನ್ನು ಮಾತ್ರ ಅವರು ಉಳಿಸಿಕೊಳ್ಳಬಹುದು.