ಹೆಡ್‌ಸೆಟ್ ಒಳಗಿನ ರೇಸು, ಹೊಟ್ಟೆಯೊಳಗಿನ ತಳಮಳ

ಕಣ್ಣಿಗೆ ಕಾಣುವ ಕಾರು ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ದೇಹ ಕುರ್ಚಿ ಬಿಟ್ಟು ಕದಲಿಲ್ಲವೆಂದು ಗೊತ್ತು. ಈ ಎರಡು ಸುದ್ದಿಗಳು ತಾಳೆಯಾಗದಿದ್ದಾಗಲೇ ಹೊಟ್ಟೆ ತೊಳಸುವುದು. ಚಿತ್ರ ತಡವರಿಸಿದರಂತೂ ಸಂಕಟ ಇಮ್ಮಡಿ.

ಆದ್ದರಿಂದ ಮೊದಲು ನೋಡಬೇಕಾದದ್ದು ಫ್ರೇಮ್ ರೇಟ್. ಕಂಪ್ಯೂಟರಿಗೆ ಜೋಡಿಸಿದ ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ‘ಅಸ್ಸೆಟ್ಟೊ ಕೊರ್ಸಾ ಕಾಂಪೆಟಿಜಿಯೋನೆ’ ಆಡುವವರನ್ನೇ ತೆಗೆದುಕೊಳ್ಳಿ. 90 ಹರ್ಟ್ಸ್ ಆರಿಸಿದರೆ ಒಂದೊಂದು ಚಿತ್ರವೂ ಸುಮಾರು 11 ಮಿಲಿಸೆಕೆಂಡಿನಲ್ಲಿ ಸಿದ್ಧವಾಗಬೇಕು. ಖಾಲಿ ಟ್ರ್ಯಾಕಿನಲ್ಲಿ ಅದು ಸಲೀಸು. ಇಪ್ಪತ್ತು ಕಾರುಗಳ ಹಿಂದೆ ನಿಂತು ರೇಸ್ ಶುರುಮಾಡಿದಾಗ ಅದೇ ಕೆಲಸಕ್ಕೆ 13 ಮಿಲಿಸೆಕೆಂಡ್ ಹಿಡಿಯಬಹುದು. ಆಗ ಸಾಫ್ಟ್‌ವೇರ್ ಸೆಕೆಂಡಿಗೆ 45 ನಿಜ ಚಿತ್ರಗಳಿಗೆ ಇಳಿದು, ನಡುವಿನವನ್ನು ಊಹಿಸಿ ತುಂಬುತ್ತದೆ. ಪಕ್ಕದಲ್ಲಿ ಸಾಗುವ ಕಾರಿನ ಅಂಚು ಅಲೆಯಂತೆ ನಡುಗಿದರೆ ಇದೇ ನಡೆಯುತ್ತಿದೆ ಎಂದು ತಿಳಿಯಬೇಕು. ಪರೀಕ್ಷೆಯನ್ನು ಕೊನೆಯ ಸಾಲಿನಲ್ಲಿ ನಿಂತೇ ಮಾಡಬೇಕು ಎನ್ನುವುದು ಇದಕ್ಕೇ.

ರೆಸಲ್ಯೂಶನ್ ಇಳಿಸಿ ನೋಡಿ. ತೊಂದರೆ ತಪ್ಪಿದರೆ ಹೊರೆ ಗ್ರಾಫಿಕ್ಸ್ ಕಾರ್ಡಿನದು. ನೆರಳು, ಕನ್ನಡಿಗಳ ಗುಣಮಟ್ಟ ತಗ್ಗಿಸಿದರೆ ರೆಸಲ್ಯೂಶನ್ನನ್ನು ಕೊಂಚ ಮೇಲೇರಿಸಬಹುದು. ಏನೂ ಬದಲಾಗದಿದ್ದರೆ ಏದುಸಿರು ಬಿಡುತ್ತಿರುವುದು ಪ್ರೊಸೆಸರ್. ಎದುರಾಳಿ ಕಾರುಗಳ ಸಂಖ್ಯೆ ಕಡಿಮೆ ಮಾಡದೆ ಗತ್ಯಂತರವಿಲ್ಲ. ಇನ್ನೊಂದು ದಾರಿ 72 ಹರ್ಟ್ಸ್. ಅಲ್ಲಿ ಪ್ರತಿ ಚಿತ್ರಕ್ಕೆ ಸಿಗುವ ಸಮಯ ಸುಮಾರು 14 ಮಿಲಿಸೆಕೆಂಡ್, 13 ಅದರೊಳಗೆ ಹಿಡಿಸುತ್ತದೆ. ಎಡವುವ 90ಕ್ಕಿಂತ ಕದಲದ 72 ಎಷ್ಟೋ ಮೇಲು.

ಇನ್ನು ತೊಡುವ ಬಗೆ. ಕ್ವೆಸ್ಟ್ 3ರ ತೂಕ 515 ಗ್ರಾಂ, ಹೆಚ್ಚಿನ ಭಾರ ಮುಖದ ಮೇಲೆ. ಹಿಂದಿನ ಪಟ್ಟಿ ತಲೆಬುರುಡೆಯ ಉಬ್ಬಿನ ಕೆಳಗೆ ಕೂರಬೇಕು, ಮೇಲಿನ ಪಟ್ಟಿ ಭಾರವನ್ನು ಎತ್ತಿ ಹಿಡಿಯಬೇಕು. ಕೆನ್ನೆಯ ಮೇಲೆ ಕೆಂಪು ಗೆರೆ ಮೂಡಿದರೆ ಮುಖಕ್ಕೆ ಬಿಗಿ ಹೆಚ್ಚಾಗಿದೆ ಎಂದರ್ಥ. ಕೆಳಗಿನ ಚಕ್ರ ತಿರುಗಿಸಿ ಲೆನ್ಸ್‌ಗಳ ಅಂತರವನ್ನು ಪಾಪೆಗಳ ಅಂತರಕ್ಕೆ ಹೊಂದಿಸಿದಾಗಲೇ ಡ್ಯಾಶ್‌ಬೋರ್ಡಿನ ಅಂಕಿಗಳು ಸ್ಪಷ್ಟವಾಗಿ ಕಾಣುವುದು. ಚಾಲಕನ ಸೀಟಿನಲ್ಲಿ ಸರಿಯಾಗಿ ಕುಳಿತು, ನೇರ ನೋಡುತ್ತಾ ದೃಶ್ಯವನ್ನು ನಡುವಿಗೆ ತರುವ ಗುಂಡಿಯನ್ನು ಸ್ಟೀರಿಂಗ್ ವೀಲ್‌ನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು; ಕಣ್ಣು ಕಟ್ಟಿಕೊಂಡು ಕೀಬೋರ್ಡ್ ತಡಕುವುದು ತಪ್ಪುತ್ತದೆ.

ಕ್ಯಾಮೆರಾ ಕುಲುಕಾಟವನ್ನು ಪೂರ್ತಿ ತೆಗೆದುಹಾಕಿ, ದಿಗಂತ ಅಲುಗದಂತೆ ಇರಿಸುವ ಆಯ್ಕೆ ಇದ್ದರೆ ಬಳಸಿ. ಟ್ರ್ಯಾಕಿನ ಆಯ್ಕೆಯೂ ಮುಖ್ಯ. ಮೊನ್ಝಾ ಬಹುಮಟ್ಟಿಗೆ ಸಪಾಟು, ನೇರ ಹಾದಿಗಳೇ ಹೆಚ್ಚು. ಹೊಸಬರು ಅಲ್ಲಿಂದ ಆರಂಭಿಸಬಹುದು. ಬೆಲ್ಜಿಯಂನ ಸ್ಪಾದಲ್ಲಿ ಓ ರೂಜ್ ತಿರುವಿನ ಇಳಿತ, ಒಮ್ಮೆಲೇ ಬರುವ ಏರು ಅನುಭವಿಗಳ ಹೊಟ್ಟೆಯನ್ನೂ ಕಲಕುತ್ತವೆ. ಕಾರು ಗಿರಕಿ ಹೊಡೆಯುವಾಗ ಕಣ್ಣು ಮುಚ್ಚಿಕೊಳ್ಳುವುದು ನಿಜಕ್ಕೂ ಫಲ ಕೊಡುವ ಉಪಾಯ. ಮುಖಕ್ಕೆ ಫ್ಯಾನಿನ ಗಾಳಿ ಇದ್ದರೆ ಇನ್ನೂ ಹಿತ.

ಹಣೆ ಬೆವರಿ, ಬಾಯಲ್ಲಿ ನೀರೂರತೊಡಗಿದರೆ ‘ಇನ್ನೊಂದೇ ಲ್ಯಾಪ್’ ಎನ್ನದೆ ಆಗಲೇ ಹೆಡ್‌ಸೆಟ್ ತೆಗೆದಿಡಿ. ಮರುದಿನ ಮತ್ತೆ ಹತ್ತು ನಿಮಿಷ ಕೂತರೆ ಸಾಕು.