ಎರಡು ಸೂಚನೆ, ನಲವತ್ತು ಪ್ರಶ್ನೆ

ಬಸ್ ಟಿಕೆಟ್ ಕಾಯ್ದಿರಿಸುವ ಸೇವೆಯೊಂದು ತನ್ನ ಆ್ಯಪ್‌ನಲ್ಲಿ ಚಾಟ್‌ಬಾಟ್ ಇಟ್ಟಿದೆ ಎಂದುಕೊಳ್ಳೋಣ. ಪ್ರಯಾಣಿಕರು ಏನೇ ಕೇಳಿದರೂ ಉತ್ತರ ಕೊಡುವುದು ಹಿಂದಿರುವ ಭಾಷಾ ಮಾದರಿ. ಹೇಗೆ ಉತ್ತರಿಸಬೇಕು, ಏನು ಹೇಳಬಾರದು ಎಂಬುದನ್ನು ಆ ಮಾದರಿಗೆ ಮೊದಲೇ ತಿಳಿಸುವ ಬರಹವೇ ಸಿಸ್ಟಮ್ ಪ್ರಾಂಪ್ಟ್. ಪ್ರತಿ ಸಂಭಾಷಣೆಯ ತಲೆಯಲ್ಲಿ ಅದು ಇರುತ್ತದೆ, ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ.

ಹಳೆಯ ಪ್ರಾಂಪ್ಟ್‌ನಲ್ಲಿ ಒಂದು ತೊಂದರೆ ಇತ್ತು. ನಿಯಮಪಟ್ಟಿಯಲ್ಲಿ ಇಲ್ಲದ ವಿಷಯ ಕೇಳಿದರೆ ಚಾಟ್‌ಬಾಟ್ ತಾನೇ ಏನೋ ಕಟ್ಟಿ ಹೇಳುತ್ತಿತ್ತು. ಅದನ್ನು ಸರಿಪಡಿಸಲು ಎಂಜಿನಿಯರ್ ಒಂದು ಸಾಲು ಸೇರಿಸಿದರು: ‘ನಿಯಮಪಟ್ಟಿಯಲ್ಲಿ ಉತ್ತರ ಇಲ್ಲದಿದ್ದರೆ ಊಹಿಸಬೇಡ, ಸಹಾಯವಾಣಿಯ ಸಂಖ್ಯೆ ಕೊಡು.’ ನಾಲ್ಕೈದು ಪ್ರಶ್ನೆ ಕೇಳಿ ನೋಡಿದರು, ಉತ್ತರ ಚೆನ್ನಾಗಿಯೇ ಬಂತು. ಹೊಸದು ನಿಜಕ್ಕೂ ಹಳೆಯದಕ್ಕಿಂತ ಒಳ್ಳೆಯದೇ? ಇಷ್ಟರಿಂದ ಅದು ಗೊತ್ತಾಗುವುದಿಲ್ಲ.

ಇಂಥ ಕಡೆ ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಹಳೆಯ ಪ್ರಾಂಪ್ಟ್ ಸೋತ ಪ್ರಶ್ನೆಗಳನ್ನೇ ಆರಿಸಿ ಹೊಸದಕ್ಕೆ ಕೊಡುವುದು. ಹೋಲಿಕೆ ದಾರಿ ತಪ್ಪುವುದೂ ಇಲ್ಲಿಯೇ. ಭಾಷಾ ಮಾದರಿಗೆ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತೂ ಸಲ ಅದೇ ಉತ್ತರ ಬರುವುದಿಲ್ಲ. ಉತ್ತರದ ಏರಿಳಿತವನ್ನು ಹಿಡಿತದಲ್ಲಿಡುವ ‘ಟೆಂಪರೇಚರ್’ ಎಂಬ ಅಳತೆಯನ್ನು ಸೊನ್ನೆಗೆ ಇಳಿಸಿದರೂ ಅದಕ್ಕೆ ಪೂರ್ತಿ ಖಾತರಿ ಇಲ್ಲ. ಹತ್ತರಲ್ಲಿ ಆರು ಸಲ ಸರಿಯಾಗಿ ಬರುವ ಪ್ರಶ್ನೆಯೊಂದು ಅಂದು ತಪ್ಪಾಗಿದ್ದರಿಂದ ಪಟ್ಟಿಗೆ ಸೇರಿತು ಎನ್ನಿ. ಮತ್ತೆ ಕೇಳಿದರೆ ಹಳೆಯ ಪ್ರಾಂಪ್ಟೇ ಹತ್ತರಲ್ಲಿ ಆರು ಸಲ ಗೆಲ್ಲುತ್ತದೆ. ಆದರೆ ಅದನ್ನು ಮತ್ತೆ ಯಾರೂ ಕೇಳುವುದಿಲ್ಲ. ಹಳೆಯದರ ಹೆಸರಿನ ಮುಂದೆ ಸೋಲು ಆಗಲೇ ಬರೆದಾಗಿದೆ, ಹೊಸದಕ್ಕೆ ಮಾತ್ರ ಹೊಸ ಅವಕಾಶ. ಎರಡೂ ಪ್ರಾಂಪ್ಟ್‌ಗಳು ಅಕ್ಷರಶಃ ಒಂದೇ ಆಗಿದ್ದರೂ ‘ಹೊಸದು’ ಗೆದ್ದಂತೆ ಕಾಣುತ್ತದೆ.

ಆದ್ದರಿಂದ ಪ್ರಶ್ನೆಗಳನ್ನು ಯಾವ ಪ್ರಾಂಪ್ಟ್ ಏನು ಉತ್ತರಿಸಿತು ಎಂದು ನೋಡದೆ ಆರಿಸಬೇಕು, ಎರಡಕ್ಕೂ ಹೊಸದಾಗಿ ಕೇಳಬೇಕು. ಒಳ್ಳೆಯ ಮೂಲವೆಂದರೆ ಪ್ರಯಾಣಿಕರು ನಿಜವಾಗಿ ಕೇಳಿದ ಪ್ರಶ್ನೆಗಳು. ಅವುಗಳಿಂದ ಹೆಸರು, ಫೋನ್ ಸಂಖ್ಯೆ, ಟಿಕೆಟ್ ಸಂಖ್ಯೆಗಳನ್ನು ತೆಗೆದುಹಾಕಿ, ಹಿಂದಿನ ಒಂದು ತಿಂಗಳ ರಾಶಿಯಿಂದ ಕಣ್ಣುಮುಚ್ಚಿ ಎತ್ತಿದ ಇಪ್ಪತ್ತು ಪ್ರಶ್ನೆ ಅಡಿಪಾಯವಾಗುತ್ತದೆ. ಟಿಕೆಟ್ ರದ್ದು, ಮರುಪಾವತಿ, ಬಸ್ ತಡ, ಮಕ್ಕಳ ಅರ್ಧ ಟಿಕೆಟ್ ಎಂದು ಜನರಿಗೆ ದಿನವೂ ಬೇಕಾಗುವುದು ಅದರಲ್ಲಿ ತಾನಾಗಿ ಬರುತ್ತದೆ. ಮೇಲೆ ಬಸ್ಸಿನಲ್ಲಿ ನಾಯಿ ಒಯ್ಯಬಹುದೇ ಎಂಬಂಥ, ಪಟ್ಟಿಯಲ್ಲಿ ಉತ್ತರವೇ ಇಲ್ಲದ ಎಂಟು ಪ್ರಶ್ನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಅವಸರದಲ್ಲಿ ಟೈಪ್ ಮಾಡುವವರೂ ಬಹಳ. ಅಂಥವು ಆರು:

```
naale hubli bus cancel madidre estu duddu vapas barutte
```

ಉಳಿದ ಆರು ಪ್ರಶ್ನೆಗಳ ಮಹತ್ವ ಬೇರೆ. ಅವು ನೋಡಲು ಪಟ್ಟಿಯ ಹೊರಗಿನ ಪ್ರಶ್ನೆಯಂತಿವೆ, ಆದರೆ ಉತ್ತರ ಪಟ್ಟಿಯಲ್ಲೇ ಇದೆ. ‘ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ, ನಾಳೆ ಹೊರಡಲಾಗುವುದಿಲ್ಲ, ಏನು ಮಾಡಲಿ?’ ಎಂಬುದು ಕೊನೆಗೂ ಟಿಕೆಟ್ ರದ್ದತಿಯ ಪ್ರಶ್ನೆಯೇ. ‘ಗೊತ್ತಿಲ್ಲದಿದ್ದರೆ ಸಹಾಯವಾಣಿಗೆ ಕಳಿಸು’ ಎಂದು ಹೇಳಿಸಿಕೊಂಡ ಚಾಟ್‌ಬಾಟ್ ಗೊತ್ತಿರುವುದನ್ನೂ ಅತ್ತ ದಾಟಿಸಿಬಿಡುವ ಅಪಾಯವಿದೆ. ಹೊಸ ಸಾಲು ಕೆಲಸ ಮಾಡಬೇಕಾದ ಪ್ರಶ್ನೆಗಳಷ್ಟೇ, ಅದು ಸುಮ್ಮನಿರಬೇಕಾದ ಪ್ರಶ್ನೆಗಳೂ ಪಟ್ಟಿಯಲ್ಲಿ ಇರಬೇಕು. ಬಹಳಷ್ಟು ತಂಡಗಳು ಬಿಟ್ಟುಬಿಡುವುದು ಇದನ್ನೇ.

ಯಾವ ಉತ್ತರ ಸರಿ ಎಂಬುದನ್ನು ಉತ್ತರ ಬರುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಮೇಲಿನ ಹುಬ್ಬಳ್ಳಿ ಬಸ್ಸಿನ ಪ್ರಶ್ನೆಗೆ ಹೀಗೆ ಬರೆಯಬಹುದು: ಹೊರಡುವುದಕ್ಕೆ ಎಷ್ಟು ಗಂಟೆ ಮೊದಲು ರದ್ದು ಮಾಡಿದರೆ ಎಷ್ಟು ಕಡಿತ ಎಂಬುದು ಪಟ್ಟಿಯಲ್ಲಿ ಇದ್ದಂತೆಯೇ ಬರಬೇಕು, ಟಿಕೆಟ್ ದರ ಗೊತ್ತಿಲ್ಲದೆ ಇಷ್ಟೇ ರೂಪಾಯಿ ವಾಪಸ್ ಬರುತ್ತದೆ ಎಂದು ಹೇಳಬಾರದು, ಉತ್ತರ ಕನ್ನಡದಲ್ಲಿರಬೇಕು. ಮೂರೂ ಆದರೆ ಪಾಸು, ಒಂದು ತಪ್ಪಿದರೂ ಫೇಲು. ‘ಉತ್ತರ ಸಮಾಧಾನಕರವಾಗಿರಬೇಕು’ ಎಂದು ಬರೆದರೆ ಸಾಲದು, ಏಕೆಂದರೆ ಉದ್ದವಾಗಿ, ನಯವಾಗಿ ಮಾತಾಡಿದ ಉತ್ತರಕ್ಕೆ ಓದುವವರ ಮನಸ್ಸು ಸೋಲುತ್ತದೆ. ಇಬ್ಬರು ಬೇರೆಬೇರೆ ಕೂತು ಒಂದಷ್ಟು ಉತ್ತರಗಳಿಗೆ ಪಾಸು-ಫೇಲು ಹಾಕಿ ನೋಡಿದರೆ ಬರೆದ ಗುರುತು ಎಷ್ಟು ಸ್ಪಷ್ಟವಾಗಿದೆ ಎಂಬುದು ಹೊರಬೀಳುತ್ತದೆ. ಅಭಿಪ್ರಾಯ ಪದೇಪದೇ ಬೇರೆಯಾದರೆ ತಿದ್ದಬೇಕಾದದ್ದು ಆ ಗುರುತನ್ನು.

ಇನ್ನು ಪರೀಕ್ಷೆ ನಡೆಸುವುದು. ನಲವತ್ತು ಪ್ರಶ್ನೆ, ಎರಡು ಪ್ರಾಂಪ್ಟ್, ಪ್ರತಿಯೊಂದಕ್ಕೂ ಮೂರು ಸಲ, ಒಟ್ಟು 240 ಉತ್ತರ. ಒಂದಕ್ಕೆ ಒಂದು ನಿಮಿಷವೆಂದರೂ ನಾಲ್ಕು ಗಂಟೆಯ ಓದು. ಮಾದರಿಯ ಆವೃತ್ತಿ, ಟೆಂಪರೇಚರ್, ಜೊತೆಗೆ ಕೊಡುವ ನಿಯಮಪಟ್ಟಿ ಎರಡಕ್ಕೂ ಒಂದೇ ಇರಬೇಕು. ಹಳೆಯದನ್ನು ಕಳೆದ ತಿಂಗಳು, ಹೊಸದನ್ನು ಇವತ್ತು ಓಡಿಸಿ ಹೋಲಿಸುವಂತಿಲ್ಲ, ಅದೇ ಹೆಸರಿನ ಹಿಂದೆ ಕಂಪನಿ ಮಾದರಿಯನ್ನೇ ಬದಲಿಸಿರಬಹುದು. ಎಲ್ಲ ಉತ್ತರಗಳನ್ನೂ ಒಂದೇ ಹಾಳೆಯಲ್ಲಿ ಕಲಸಿ, ಯಾವುದು ಯಾವ ಪ್ರಾಂಪ್ಟ್‌ನದು ಎಂಬ ಕಾಲಂ ಮುಚ್ಚಿ, ಆಮೇಲೆ ಅಂಕ ಹಾಕಬೇಕು. ಹೊಸ ಸಾಲು ಬರೆದವರೇ ಅಂಕ ಹಾಕುವುದಾದರಂತೂ ಇದು ಬೇಕೇಬೇಕು.

ಮೂರರಲ್ಲಿ ಎರಡು ಸಲ ಪಾಸಾದರೆ ಆ ಪ್ರಶ್ನೆ ಪಾಸು ಎಂದು ಲೆಕ್ಕ ಹಿಡಿದಾಗ ಫಲಿತಾಂಶ ಹೀಗೆ ಬಂತು ಎನ್ನೋಣ: ಹಳೆಯದಕ್ಕೆ 29, ಹೊಸದಕ್ಕೆ 33. ನಾಲ್ಕು ಪ್ರಶ್ನೆ ಹೆಚ್ಚು ಎಂದು ಹೊಸದನ್ನು ಒಪ್ಪಿಬಿಡಬಹುದೇ? ಒಟ್ಟು ಅಂಕದ ಹಿಂದೆ ಹೋಗಿ ಪ್ರಶ್ನೆಪ್ರಶ್ನೆಗೂ ನೋಡಬೇಕು. ಎರಡೂ ಪಾಸಾದ, ಎರಡೂ ಫೇಲಾದ ಪ್ರಶ್ನೆಗಳು ಯಾವುದು ಮೇಲು ಎಂಬುದನ್ನು ಹೇಳುವುದಿಲ್ಲ. ಫಲ ಬೇರೆಯಾದ ಪ್ರಶ್ನೆಗಳಷ್ಟೇ ಹೇಳುತ್ತವೆ. ಮನೋವಿಜ್ಞಾನಿ ಕ್ವಿನ್ ಮೆಕ್‌ನೆಮಾರ್ 1947ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಪರೀಕ್ಷೆ ನಿಂತಿರುವುದು ಈ ವಿಚಾರದ ಮೇಲೆಯೇ.

ಇಲ್ಲಿ ಏಳು ಪ್ರಶ್ನೆ ಫೇಲಿನಿಂದ ಪಾಸಿಗೆ ಬಂದಿವೆ, ಮೂರು ಪಾಸಿನಿಂದ ಫೇಲಿಗೆ ಹೋಗಿವೆ. ಎರಡು ಪ್ರಾಂಪ್ಟ್‌ಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಈ ಹತ್ತೂ ನಾಣ್ಯ ಚಿಮ್ಮಿದಂತೆ ಅತ್ತಲೋ ಇತ್ತಲೋ ಬೀಳಬೇಕು. ಹತ್ತು ಸಲ ನಾಣ್ಯ ಚಿಮ್ಮಿದಾಗ ಯಾವುದೋ ಒಂದು ಕಡೆಗೆ ಏಳು-ಮೂರು ಅಥವಾ ಅದಕ್ಕಿಂತ ವಾಲಿದ ಫಲ ಬರುವ ಸಾಧ್ಯತೆ ಶೇ. 34. ಅಂದರೆ ಬರಿಯ ಆಕಸ್ಮಿಕದಿಂದಲೂ ಸುಮಾರು ಮೂರಕ್ಕೊಮ್ಮೆ ಹೀಗಾಗುತ್ತದೆ. ಒಂಬತ್ತು-ಒಂದು ಆಗಿದ್ದರೆ ಆ ಸಾಧ್ಯತೆ ಶೇ. 2ರ ಆಸುಪಾಸಿಗೆ ಇಳಿಯುತ್ತಿತ್ತು, ಆಗ ಧೈರ್ಯವಾಗಿ ಮಾತಾಡಬಹುದಿತ್ತು. ನಲವತ್ತು ಪ್ರಶ್ನೆಯ ಪಟ್ಟಿಗೆ ಕಾಣುವುದು ದೊಡ್ಡ ವ್ಯತ್ಯಾಸ ಮಾತ್ರ. ಸಣ್ಣದನ್ನು ಹಿಡಿಯಬೇಕಾದರೆ ಹಳೆಯ ಪ್ರಶ್ನೆಗಳನ್ನೇ ಇನ್ನಷ್ಟು ಸಲ ಕೇಳಿ ಹೆಚ್ಚು ಪ್ರಯೋಜನವಿಲ್ಲ, ಹೊಸ ಪ್ರಶ್ನೆಗಳನ್ನು ಸೇರಿಸಬೇಕು.

ಆದರೂ ಪಟ್ಟಿ ಸುಮ್ಮನೆ ಹೋಗಲಿಲ್ಲ. ಕೆಟ್ಟ ಮೂರು ಪ್ರಶ್ನೆಗಳನ್ನು ತೆರೆದು ಓದಿದರೆ ಮೂರೂ ಆ ಕೊನೆಯ ಆರರ ಗುಂಪಿನವು. ಅಜ್ಜಿಯ ಆಸ್ಪತ್ರೆಯ ಪ್ರಶ್ನೆಗೆ ಹೊಸ ಪ್ರಾಂಪ್ಟ್ ಮೂರು ಸಲವೂ ಸಹಾಯವಾಣಿಯ ಸಂಖ್ಯೆ ಕೊಟ್ಟು ಕೈತೊಳೆದುಕೊಂಡಿದೆ. ಒಟ್ಟು ಅಂಕ ಮುಚ್ಚಿಟ್ಟಿದ್ದ ದೋಷ ಇದು. ಎಂಜಿನಿಯರ್ ಈಗ ಆ ಸಾಲನ್ನು ಹೀಗೆ ತಿದ್ದಬಹುದು: ‘ಪ್ರಯಾಣಿಕರಿಗೆ ಏನು ಬೇಕಾಗಿದೆ ಎಂದು ಮೊದಲು ಗುರುತಿಸು, ಅದಕ್ಕೆ ಸಂಬಂಧಿಸಿದ ನಿಯಮ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಸಹಾಯವಾಣಿ.’ ಅದೇ ಹೊತ್ತಿಗೆ ಉತ್ತರ ಚಿಕ್ಕದಾಗಿರಲಿ ಎಂಬ ಇನ್ನೊಂದು ಸಾಲನ್ನೂ ತುರುಕಬಾರದು. ಎರಡು ಬದಲಾವಣೆ ಒಟ್ಟಿಗೆ ಹೋದರೆ ಅಂಕ ಏರಿದ್ದು ಯಾವುದರಿಂದ, ಇಳಿದದ್ದು ಯಾವುದರಿಂದ ಎಂದು ಬಿಡಿಸಲಾಗುವುದಿಲ್ಲ.

ತಿದ್ದಿದ ಪ್ರಾಂಪ್ಟ್ ಇವೇ ನಲವತ್ತರಲ್ಲಿ ಚೆನ್ನಾಗಿ ಮಾಡುವುದು ಸಹಜ, ಅವುಗಳ ತಪ್ಪು ನೋಡಿಯೇ ಅದನ್ನು ಬರೆದದ್ದಲ್ಲವೇ. ಹಾಗಾಗಿ ಆರಂಭದಲ್ಲೇ ಅದೇ ರೀತಿ ಆರಿಸಿದ ಇನ್ನೊಂದು ಹದಿನೈದು ಪ್ರಶ್ನೆಗಳನ್ನು ಎಂಜಿನಿಯರ್ ಕೈಗೆ ಸಿಗದಂತೆ ಬೇರೆಯವರ ಬಳಿ ಇಟ್ಟಿರಬೇಕು. ಹಳೆಯದನ್ನೂ ತಿದ್ದಿದ್ದನ್ನೂ ಆ ಹದಿನೈದರ ಮೇಲೆ ಓಡಿಸಿ, ಸಹಾಯವಾಣಿಗೆ ಅನಗತ್ಯವಾಗಿ ಕಳಿಸುವ ಚಾಳಿ ಅಲ್ಲೂ ಕಾಣುತ್ತದೆಯೇ ಎಂದು ನೋಡಬೇಕು. ಒಮ್ಮೆ ಬಿಚ್ಚಿದ ಮೇಲೆ ಆ ಪ್ರಶ್ನೆಗಳು ನಲವತ್ತರ ಜೊತೆ ಸೇರಿಕೊಳ್ಳುತ್ತವೆ. ಮುಂದಿನ ತಿದ್ದುಪಡಿಯ ಹೊತ್ತಿಗೆ ಹೊಸ ತಿಂಗಳ ಸಂಭಾಷಣೆಗಳಿಂದ ಮತ್ತೆ ಹದಿನೈದನ್ನು ಎತ್ತಿ ಮುಚ್ಚಿಡಬೇಕು.